ನೋಯುತ್ತಿಲ್ಲ ಅಂತ ಸುಮ್ಮನಿರಬೇಡ

ನಿನಗೆ ಎಲ್ಲದಕ್ಕೂ ಅವಸರ, ಮಗೂ. ಮೈಮೇಲೆ ಮಚ್ಚೆ ಎದ್ದರೆ ಔಷಧಿ ಅಂಗಡಿಗೆ ಓಡಿ ಮುಲಾಮು ತರುತ್ತೀಯ. ತುರಿಕೆಯಿಲ್ಲ, ಉರಿಯಿಲ್ಲ, ನೋವಿಲ್ಲ ಅಂದರೆ ಅದೂ ಇಲ್ಲ, ಮರೆತೇಬಿಡುತ್ತೀಯ. ಕುಷ್ಠರೋಗಿಗಳ ಕೈಕಾಲು ತೊಳೆದು ಪಟ್ಟಿ ಕಟ್ಟುತ್ತಲೇ ತಲೆ ನರೆತವಳು ಹೇಳುತ್ತೇನೆ, ಕೇಳು: ತುರಿಸುವ ಮಚ್ಚೆಗಿಂತ ತುರಿಸದ ಮಚ್ಚೆಯನ್ನು ಮೊದಲು ತೋರಿಸು.

ಕುಷ್ಠವನ್ನು ಚರ್ಮದ ಕಾಯಿಲೆ ಅಂತ ಜನ ತಿಳಿದಿದ್ದಾರೆ. ಕಾಣುವುದು ಚರ್ಮದಲ್ಲಿ, ಕೆಡುವುದು ನರ. ಈ ರೋಗಾಣುವಿಗೆ ಮೈಯ ತಂಪು ಜಾಗವೇ ಇಷ್ಟ. ಅದಕ್ಕೇ ಚರ್ಮದ ಹತ್ತಿರ ಹಾಯುವ ನರಗಳ ಹೊದಿಕೆಯೊಳಗೆ ಹೋಗಿ ಕೂರುತ್ತದೆ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು, ಅಷ್ಟು ನಿಧಾನ. ಹಾಗಾಗಿ ಮಚ್ಚೆ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ದೇಹ ಅದರ ಮೇಲೆ ಹೋರಾಡಲು ಹೊರಟಾಗ ನರವೇ ಊದಿಕೊಂಡು, ಒಳಗೊಳಗೇ ಹಿಚುಕಿಹೋಗುತ್ತದೆ. ಮೊದಲು ಬಿಸಿ, ತಂಪು, ಮುಟ್ಟಿದ್ದು ತಿಳಿಸುವ ಸಣ್ಣ ನರಗಳು ಹೋಗುತ್ತವೆ. ಬೆವರು ತರಿಸುವ ನರವೂ ಹೋಗುವುದರಿಂದ ಚರ್ಮ ಒಣಗಿ ಸೀಳುತ್ತದೆ.

ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಬಲಗೈ ಕಿರುಬೆರಳಿನ ಬದಿಯಲ್ಲಿ ಆಗಾಗ ಬೊಬ್ಬೆ. 'ಹಂಚು ತಾಗಿರಬೇಕು ಬಿಡ್ರಿ' ಅಂದಳು. ಯಾವಾಗ ತಾಗಿತು ಅಂದರೆ ಗೊತ್ತಿಲ್ಲ! ನನಗೆ ಅಲ್ಲೇ ಅನುಮಾನ ಬಂತು. ಬೆನ್ನು ತೋರಿಸು ಅಂದೆ. ತಾಮ್ರದ ಬಣ್ಣದ ಮಚ್ಚೆಗಳು, ಐದಕ್ಕಿಂತ ಹೆಚ್ಚೇ ಇದ್ದವು. ತೊನ್ನಾಗಿದ್ದರೆ ಹಾಲುಬಿಳುಪು ಇರುತ್ತಿತ್ತು, ಮುಟ್ಟಿದ್ದೂ ತಿಳಿಯುತ್ತಿತ್ತು. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯನ್ನು ಮೆಲ್ಲಗೆ ತಾಗಿಸಿ, ಎಲ್ಲಿ ಮುಟ್ಟಿದೆನೋ ಅಲ್ಲಿ ಬೆರಳಿಡು ಅಂದೆ. ಒಳ್ಳೆ ಚರ್ಮದ ಮೇಲೆ ತಪ್ಪದೆ ಬೆರಳಿಟ್ಟಳು; ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನೆ ಕೂತಿದ್ದಳು. ಮೊಣಕೈ ಎಲ್ಲಾದರೂ ತಾಗಿದರೆ ಕರೆಂಟು ಹೊಡೆದಂತಾಗುತ್ತದಲ್ಲ, ಆ ನರ ಅವಳಿಗೆ ದಪ್ಪಗೆ ಕೈಗೆ ಸಿಗುತ್ತಿತ್ತು. ಕಿರುಬೆರಳಿಗೆ ಅರಿವು ತರುವುದು ಅದೇ.

ಬೆರಳು ಉದುರುತ್ತದೆ ಅಂತ ನಿನಗೂ ಯಾರೋ ಹೇಳಿರುತ್ತಾರೆ. ನಂಬಬೇಡ. ವೆಲ್ಲೂರಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಇದರ ಬೆನ್ನು ಹತ್ತಿ ತೋರಿಸಿಕೊಟ್ಟರು: ಸುಟ್ಟಿದ್ದು, ಕೊಯ್ದಿದ್ದು, ಮುಳ್ಳು ಚುಚ್ಚಿದ್ದು ಗೊತ್ತಾಗದೆ ರೋಗಿಗಳು ಅದೇ ಕೈಕಾಲಿನಲ್ಲಿ ದುಡಿಯುತ್ತಾರೆ, ಗಾಯ ಕೀವಾಗಿ ಎಲುಬಿಗಿಳಿಯುತ್ತದೆ, ಬೆರಳು ಸವೆಯುತ್ತದೆ. ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದವರನ್ನು ಅವರು ಕಂಡಿದ್ದರು. ನಮಗೆ ಕಾಲು ನೋವಾದರೆ ಕುಂಟುತ್ತೇವೆ, ಗಾಯಕ್ಕೆ ಬಿಡುವು ಸಿಗುತ್ತದೆ. ಈ ರೋಗಿಗಳು ಕುಂಟುವುದಿಲ್ಲ.

ಇನ್ನು ಔಷಧಿ. ಮೊದಲು ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ಕೊಡುತ್ತಿದ್ದರು, ರೋಗಾಣು ಅದಕ್ಕೆ ಬಗ್ಗದಂತಾಯಿತು. ಅದಕ್ಕೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಟ್ಟಿಗೇ ಹಲವು ಔಷಧಿ ಕೊಡಿ ಅಂದಿತು. ಒಂದಕ್ಕೆ ಸಾಯದ್ದು ಇನ್ನೊಂದಕ್ಕೆ ಸಾಯುತ್ತದೆ. ರೊಟ್ಟಿಯವಳಿಗೆ 28 ದಿನದ ಪೊಟ್ಟಣ ಸಿಕ್ಕಿತು. ಮೊದಲ ದಿನ ನಮ್ಮೆದುರೇ ರಿಫಾಂಪಿಸಿನ್ 600 ಮಿಲಿಗ್ರಾಂ, ಜೊತೆಗೆ ಕ್ಲೋಫಾಜಿಮಿನ್ ಮತ್ತು ಡ್ಯಾಪ್ಸೋನ್ ನುಂಗಿದಳು. ಉಳಿದ ದಿನ ಕೊನೆಯ ಎರಡನ್ನು ಮನೆಯಲ್ಲಿ. ಹೀಗೆ 12 ಪೊಟ್ಟಣ. ಮಚ್ಚೆ ಐದರೊಳಗಿದ್ದರೆ ಸಾಮಾನ್ಯವಾಗಿ 6 ತಿಂಗಳು ಸಾಕು. ಎಲ್ಲ ಉಚಿತ. ಮೊದಲ ದಿನದ ಗುಳಿಗೆ ನುಂಗಿದ ಕೆಲವೇ ದಿನಗಳಲ್ಲಿ ಬೇರೆಯವರಿಗೆ ಅಂಟಿಸುವ ಶಕ್ತಿ ಹೋಗುತ್ತದೆ. ಆಮೇಲೂ ತಟ್ಟೆ ಲೋಟ ಬೇರೆ ಇಡುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ರಿಫಾಂಪಿಸಿನ್ ತೆಗೆದುಕೊಂಡಾಗ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್ನಿಂದ ಮೈ ಕಪ್ಪಾಗುತ್ತದೆ. ನಿನ್ನಂಥವರು ಇದಕ್ಕೆ ಹೆದರಿಯೇ ಗುಳಿಗೆ ಬಿಡುವುದು. ಔಷಧಿ ನಿಲ್ಲಿಸಿದ ಮೇಲೆ ಕಪ್ಪು ನಿಧಾನವಾಗಿ ತಿಳಿಯಾಗುತ್ತದೆ.

ರೊಟ್ಟಿಯವಳಿಗೆ ಮೂರನೆಯ ತಿಂಗಳು ಮೊಣಕೈ ನೋವು ಶುರುವಾಗಿ ಬೆರಳಿನ ಬಲ ಕುಂದಿತು. ಗುಳಿಗೆ ಒಗ್ಗಲಿಲ್ಲ ಅಂತ ಬಿಡಲು ಹೊರಟಿದ್ದಳು. ಅದು ಸತ್ತ ರೋಗಾಣುವಿನ ಮೇಲೂ ದೇಹ ಸಿಡಿದೇಳುವುದರಿಂದ ಆದದ್ದು. ಗುಳಿಗೆ ನಿಲ್ಲಿಸದೆ ಡಾಕ್ಟರು ಪ್ರೆಡ್ನಿಸೋಲೋನ್ ಶುರುಮಾಡಿ ವಾರಗಟ್ಟಲೆ ಮೆಲ್ಲಗೆ ಇಳಿಸುತ್ತ ಬಂದರು. ಬೇಗ ಬಂದಿದ್ದರಿಂದ ಬಲ ಮರಳಿತು, ಅರಿವು ಅರ್ಧ ಮಾತ್ರ. ರೋಗ ಪೂರ್ತಿ ವಾಸಿಯಾಯಿತು, ಆದರೆ ಹಳೆಯದಾಗಿ ಕೆಟ್ಟ ನರವನ್ನು ಯಾವ ಗುಳಿಗೆಯೂ ಮರಳಿ ತರಲಾರದು. ಈಗ ಅವಳು ಚಿಮಟದಲ್ಲೇ ರೊಟ್ಟಿ ತಿರುವುತ್ತಾಳೆ. ರಾತ್ರಿ ಕೈಯನ್ನು ನೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಸವರಿ, ದೀಪದ ಬೆಳಕಿನಲ್ಲಿ ಬೆರಳು ಬೆರಳೂ ನೋಡುತ್ತಾಳೆ.

ನಿನ್ನ ತೋಳಿನ ಆ ಮಚ್ಚೆ ಈ ರೋಗದ್ದೇ ಅಂತ ನಾನು ಹೇಳುತ್ತಿಲ್ಲ. ನಾಳೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸು. ಅದೇ ಅಂತಾದರೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗು, ಅವರನ್ನೂ ನೋಡಿ, ತಡೆಗೆಂದು ರಿಫಾಂಪಿಸಿನ್ ಒಂದು ಸಲ ಕೊಡುತ್ತಾರೆ.