ಪ್ರಬಂಧ ಆಹ್ವಾನವನ್ನು ಇಂಗ್ಲಿಷಿನಿಂದ ಕೊರಿಯನ್ನಿಗೆ ತರುವುದು: ಹಂತ ಹಂತವಾಗಿ

ವಿದ್ವತ್ ಸಮ್ಮೇಳನದವರು ಹೊರಡಿಸುವ ಪ್ರಬಂಧ ಆಹ್ವಾನದಲ್ಲಿ ಎರಡು ಬೇರೆ ಬೇರೆ ಬರಹಗಳಿರುತ್ತವೆ. ಮೊದಲನೆಯದು ಕರೆಯೋಲೆ: ಸಮ್ಮೇಳನದ ವಿಷಯ ಏನು, ಯಾರು ಬರಬಹುದು, ಯಾವಾಗ, ಎಲ್ಲಿ. ಎರಡನೆಯದು ನಿಯಮಾವಳಿ: ಎಷ್ಟು ಉದ್ದ, ಯಾವ ಕಡತ, ಉಲ್ಲೇಖ ಹೇಗೆ, ಹೆಸರು ಮರೆಮಾಡುವುದು ಹೇಗೆ. ಕೊರಿಯನ್ನಿನಲ್ಲಿ ಮೊದಲನೆಯದಕ್ಕೆ ನೊನ್ಮುನ್ ಮೊಜಿಪ್, ಎರಡನೆಯದಕ್ಕೆ ಥುಗೊ ಗ್ಯುಜಂಗ್ ಎನ್ನುತ್ತಾರೆ. ಓದುವವರು ಪ್ರೊಫೆಸರರು, ಪಿಎಚ್‌ಡಿ ವಿದ್ಯಾರ್ಥಿಗಳು. ಅವರು ಇದನ್ನು ಸವಿಯಲು ಓದುವುದಿಲ್ಲ, ಇದರಂತೆ ನಡೆಯಲು ಓದುತ್ತಾರೆ. ಒಂದು ಸಾಲು ತಪ್ಪಿದರೆ ಒಬ್ಬರ ಪ್ರಬಂಧ ಗಡುವು ದಾಟಿ ಹೋಗುತ್ತದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಪೂರ್ವ ಏಷ್ಯಾದ ಕರಾವಳಿ ಸಮುದಾಯಗಳ ಬಗ್ಗೆ ಬುಸಾನಿನಲ್ಲಿ ಎರಡು ದಿನಗಳ ಪ್ರಾದೇಶಿಕ ಸಮ್ಮೇಳನ. ಸಂಘಟಕರು ಮೂರ್ನಾಲ್ಕು ದೇಶದವರು, ಮೂಲ ಇಂಗ್ಲಿಷಿನಲ್ಲಿದೆ. ಕೊರಿಯನ್ ಕಲಿತು ಅನುವಾದಕ್ಕೆ ಕೈಹಾಕಿರುವ ನಿಮಗೆ ಅದರ ಕೊರಿಯನ್ ರೂಪ ಮಾಡುವ ಕೆಲಸ ಬಂದಿದೆ ಎಂದಿಟ್ಟುಕೊಳ್ಳಿ.

ಹಂತ 1: ಅನುವಾದಕ್ಕೆ ಮೊದಲು ಸಂಘಟಕರನ್ನು ಕೇಳಿ

ಮೂಲವನ್ನು ಒಮ್ಮೆ ಪೂರ್ತಿ ಓದಿ, ಪ್ರಶ್ನೆಗಳ ಪಟ್ಟಿ ಮಾಡಿ ಕಳಿಸಿ. ಮೊದಲ ಪ್ರಶ್ನೆ: ಪ್ರಬಂಧವನ್ನು ಕೊರಿಯನ್ನಿನಲ್ಲಿ ಸ್ವೀಕರಿಸುತ್ತೀರೋ, ಇಂಗ್ಲಿಷಿನಲ್ಲಿ ಮಾತ್ರವೋ? ಆಹ್ವಾನ ಕೊರಿಯನ್ನಿನಲ್ಲಿದ್ದರೆ ಪ್ರಬಂಧವೂ ಕೊರಿಯನ್ನಿನಲ್ಲಿರಬಹುದು ಎಂದು ಓದುಗರು ಎಣಿಸುವುದು ಸಹಜ. ಹಾಗಿಲ್ಲವಾದರೆ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು, ಕೊನೆಯ ಅಡಿಟಿಪ್ಪಣಿಯಲ್ಲಲ್ಲ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸಮ್ಮೇಳನದ ಪ್ರಬಂಧಗಳು ‘ಪ್ರೊಸೀಡಿಂಗ್ಸ್’ ಆಗಿ ಬರುತ್ತವೆ ಎಂದು ಮೂಲ ಹೇಳುತ್ತದೆ. ಕೊರಿಯಾದಲ್ಲಿ ಇದಕ್ಕೆ ಎರಡು ವಸ್ತುಗಳಿವೆ. ಸಭಾಂಗಣದಲ್ಲಿ ಹಂಚುವ ಭಾಷಣಗಳ ಹೊತ್ತಗೆ ಜರ್ಯೊಜಿಪ್. ವಿಮರ್ಶೆಗೆ ಒಳಪಟ್ಟು ಅಚ್ಚಾಗುವ ಪ್ರಬಂಧ ಸಂಪುಟ ನೊನ್ಮುನ್‌ಜಿಪ್. ಜರ್ಯೊಜಿಪ್‌ನಲ್ಲಿ ಬಂದ ಬರಹವನ್ನು ತಿದ್ದಿ ಆಮೇಲೆ ಪತ್ರಿಕೆಗೆ ಕಳಿಸುವುದು ಅಲ್ಲಿ ರೂಢಿ. ನೊನ್ಮುನ್‌ಜಿಪ್‌ನಲ್ಲಿ ಬಂದದ್ದನ್ನೇ ಮತ್ತೆ ಕಳಿಸಿದರೆ ಅದು ಎರಡು ಬಾರಿ ಪ್ರಕಟಿಸಿದ ಅಪರಾಧವಾಗುತ್ತದೆ. ಕೊರಿಯಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಪಟ್ಟಿಯಲ್ಲಿರುವ ಪತ್ರಿಕೆಗಳಲ್ಲಿ ಬಂದ ಲೇಖನದ ಮೇಲೆ ಅಧ್ಯಾಪಕರ ಬಡ್ತಿ ನಿಂತಿರುವುದರಿಂದ ಈ ಒಂದು ಪದವನ್ನು ನೋಡಿಯೇ ಅನೇಕರು ಬರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಊಹಿಸಿ ಬರೆಯಬೇಡಿ, ಕೇಳಿ ಬರೆಯಿರಿ.

ಕರಾವಳಿಯ ವಿಷಯವಾದ್ದರಿಂದ ಇನ್ನೊಂದು ಪ್ರಶ್ನೆಯೂ ಇದೆ. ಇಂಗ್ಲಿಷಿನಲ್ಲಿ ‘ಜಪಾನ್ ಸಮುದ್ರ’ ಎಂದಿದ್ದರೆ ಕೊರಿಯನ್ನರಿಗೆ ಅದು ದೊಂಗ್ಹೆ, ಅಂದರೆ ಪೂರ್ವ ಸಮುದ್ರ. ಹೆಸರಿನ ಈ ವ್ಯಾಜ್ಯ ಎರಡು ದೇಶಗಳ ನಡುವಿನದು. ಕೊರಿಯನ್ ಬರಹದಲ್ಲಿ ದೊಂಗ್ಹೆ ಎಂದೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಆದರೂ ಸಂಘಟಕರಿಗೆ ತಿಳಿಸದೆ ಬದಲಿಸಬಾರದು.

ಹಂತ 2: ಮಾದರಿ ಓದಿ, ಪದಪಟ್ಟಿ ಕಟ್ಟಿ

ಅದೇ ಶಾಸ್ತ್ರದ ಕೊರಿಯನ್ ವಿದ್ವತ್ ಸಂಘಗಳ ಐದಾರು ಆಹ್ವಾನಗಳನ್ನು ತಂದಿಟ್ಟುಕೊಳ್ಳಿ. ಅನುವಾದವಾದವು ಬೇಡ, ಕೊರಿಯನ್ನಿನಲ್ಲೇ ಹುಟ್ಟಿದವು ಬೇಕು. ಸಾರಾಂಶಕ್ಕೆ ಛೊರೊಕ್, ಸಲ್ಲಿಸುವುದಕ್ಕೆ ಜೆಛುಲ್, ಗಡುವಿಗೆ ಮಗಮ್: ಹೀಗೆ ಇಪ್ಪತ್ತು ಪದಗಳ ಪಟ್ಟಿ ಸಾಕು. ಒಂದು ವಸ್ತುವಿಗೆ ಒಂದೇ ಪದ, ಆರಂಭದಿಂದ ಕೊನೆಯವರೆಗೂ. ಕನ್ನಡದಲ್ಲಿ ಒಂದೇ ಪದ ಮರುಕಳಿಸಿದರೆ ನಮಗೆ ಬೇಸರವಾಗುತ್ತದೆ, ಪರ್ಯಾಯ ಹುಡುಕುತ್ತೇವೆ. ನಿಯಮಾವಳಿಯಲ್ಲಿ ಆ ಅಭ್ಯಾಸ ಬಿಡಿ. ಪದ ಬದಲಾದರೆ ವಸ್ತುವೇ ಬೇರೆಯೇನೋ ಎಂದು ಓದುಗರು ಅನುಮಾನಿಸುತ್ತಾರೆ.

ಹಂತ 3: ಎರಡು ಬರಹ, ಎರಡು ಧಾಟಿ

ಇಂಗ್ಲಿಷ್ ಮೂಲದಲ್ಲಿ ಕರೆಯೋಲೆ, ನಿಯಮ ಎರಡೂ ಒಂದೇ ಧಾಟಿಯಲ್ಲಿರಬಹುದು. ಕೊರಿಯನ್ನಿನಲ್ಲಿ ಕ್ರಿಯಾಪದದ ಕೊನೆಯೇ ಧಾಟಿಯನ್ನು ತೋರಿಸುತ್ತದೆ. ಕರೆಯೋಲೆಯ ವಾಕ್ಯಗಳು ವಿನಯದ ರೂಪದಲ್ಲಿ ಮುಗಿಯುತ್ತವೆ, ಹೆಚ್ಚಾಗಿ ‘ಬರಮ್ನಿದಾ’ ಎಂದು. ನಮ್ಮ ಆಮಂತ್ರಣ ಪತ್ರಗಳ ‘ಕೋರುತ್ತೇವೆ’ ಇದ್ದ ಹಾಗೆ. ನಿಯಮಾವಳಿ ಮಾತ್ರ ‘ಹಂದಾ’ ಎಂಬ ಬರಿಯ ರೂಪದಲ್ಲಿ, ಕಾನೂನಿನ ಕಲಮುಗಳಂತೆ ಸಾಗುತ್ತದೆ. ಅದರಲ್ಲಿ ಒರಟುತನವಿಲ್ಲ, ಅದು ಯಾರನ್ನೂ ನೇರವಾಗಿ ಮಾತನಾಡಿಸುವುದಿಲ್ಲ, ಅಷ್ಟೇ. ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸುವುದು ಹೊಸಬರ ಕೆಲಸದಲ್ಲಿ ಎಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುವ ದೋಷ. ಪತ್ತೆ ಮಾಡುವುದು ಸುಲಭ: ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಮೇಲಿನಿಂದ ಕೆಳಗೆ ಓದಿಕೊಂಡು ಹೋಗಿ.

‘ನೀವು’ ಎಂಬ ಪದವೂ ಇಲ್ಲೇ ಕಾಡುತ್ತದೆ. ಕನ್ನಡದಲ್ಲಿ ಅದು ಗೌರವದ ಪದ, ಎಲ್ಲಿ ಬೇಕಾದರೂ ಸಲ್ಲುತ್ತದೆ. ಕೊರಿಯನ್ ನಿಘಂಟಿನಲ್ಲಿ ಸಿಗುವ ‘ದಂಗ್‌ಶಿನ್’ ಅಪರಿಚಿತ ಪ್ರೊಫೆಸರರಿಗೆ ಬರೆಯುವ ಪದವಲ್ಲ. ಅದನ್ನು ಪೂರ್ತಿ ಬಿಟ್ಟುಬಿಡಿ. ಕರ್ತೃ ಬೇಕೇಬೇಕಾದಲ್ಲಿ ‘ಥುಗೊಜಾ’, ಅಂದರೆ ಪ್ರಬಂಧ ಕಳಿಸುವವರು ಎಂದು ಬರೆಯಿರಿ. ಕ್ರಿಯಾಪದ ಕೊನೆಗೆ ಬರುವುದು, ಕರ್ತೃವಿಲ್ಲದೆಯೂ ವಾಕ್ಯ ನಿಲ್ಲುವುದು ಕನ್ನಡಕ್ಕೂ ಸಹಜವಾದ್ದರಿಂದ ಇದು ನಮಗೆ ಕಷ್ಟವಲ್ಲ. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಆಮೇಲೆ ಕೊರಿಯನ್ನಿಗೆ ಹೋದರೆ ಉದ್ದನೆಯ ವಾಕ್ಯಗಳು ಸಲೀಸಾಗಿ ಬಿಡಿಸಿಕೊಳ್ಳುತ್ತವೆ.

ಇಂಗ್ಲಿಷ್ ನಿಯಮಗಳ ‘ಶುಡ್’ ಎಂಬುದಕ್ಕೆ ಒಂದೇ ಅರ್ಥವಿಲ್ಲ. ಒಂದೆಡೆ ಅದು ಕಡ್ಡಾಯ, ಇನ್ನೊಂದೆಡೆ ಬರಿಯ ಸಲಹೆ. ಕೊರಿಯನ್ನಿನಲ್ಲಿ ಕಡ್ಡಾಯಕ್ಕೆ ‘ಹಾಯೊಯಾ ಹಂದಾ’, ಸಲಹೆಗೆ ‘ಗ್ವೊಂಜಂಗ್ ಹಂದಾ’. ನಡುವಿನ ದಾರಿ ಹಿಡಿಯಲಾಗದು. ಹಾಗಾಗಿ ಪ್ರತಿ ಸಲವೂ ಸಂಘಟಕರಿಗೆ ಒಂದೇ ಪ್ರಶ್ನೆ: ಇದನ್ನು ಪಾಲಿಸದಿದ್ದರೆ ಪ್ರಬಂಧ ತಿರಸ್ಕಾರವಾಗುತ್ತದೆಯೇ?

ಹಂತ 4: ಗಡುವು

ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ನಮ್ಮ ಮೂಲದಲ್ಲಿ ಗಡುವು ಹೀಗಿದೆ: 2026ರ ಮಾರ್ಚ್ 31, 23:59 AoE. ಈ ಮೂರಕ್ಷರದ ಅರ್ಥ, ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವವರೆಗೆ ಅವಕಾಶವಿದೆ ಎಂದು. ಗಡಿಯಾರ ಗ್ರೀನಿಚ್ ಸಮಯಕ್ಕಿಂತ 12 ಗಂಟೆ ಹಿಂದಿರುವ ವಲಯದ್ದು. ಕೊರಿಯಾ 9 ಗಂಟೆ ಮುಂದಿದೆ. ಒಟ್ಟು ಅಂತರ 21 ಗಂಟೆ. ಅಂದರೆ ಕೊರಿಯಾದಲ್ಲಿ ಗಡುವು ಏಪ್ರಿಲ್ 1ರ ರಾತ್ರಿ 8:59.

ದಿನಾಂಕವನ್ನು ಹಾಗೆಯೇ ಇಳಿಸಿ ಮೂರಕ್ಷರವನ್ನು ಕೈಬಿಟ್ಟರೆ ಕೊರಿಯನ್ ಸಂಶೋಧಕರು 21 ಗಂಟೆ ಕಳೆದುಕೊಳ್ಳುತ್ತಾರೆ. ಏಪ್ರಿಲ್ 1 ಎಂದಷ್ಟೇ ಬರೆದರೆ ಆ ರಾತ್ರಿ ಹನ್ನೊಂದಕ್ಕೆ ಕಳಿಸುವವರು ಬಾಗಿಲಾಚೆ ನಿಲ್ಲುತ್ತಾರೆ. ಆದ್ದರಿಂದ ಕೊರಿಯಾ ಸಮಯ ಎಂದು ಮೊದಲು ಹೇಳಿ, ವರ್ಷ, ತಿಂಗಳು, ದಿನ ಎಂಬ ಕೊರಿಯನ್ ಕ್ರಮದಲ್ಲಿ 2026, 4, 1 ಎಂದು ಬರೆದು, ಬುಧವಾರ ಎಂಬುದನ್ನು ಸೇರಿಸಿ, 20 ಗಂಟೆ 59 ನಿಮಿಷ ಎಂದು ಮುಗಿಸಿ. ವಾರ ಬರೆಯುವುದು ಅಲ್ಲಿಯ ರೂಢಿ, ಮತ್ತು ನಿಮ್ಮ ಲೆಕ್ಕಕ್ಕೆ ಒಂದು ಕಾವಲು: ಮಾರ್ಚ್ 31 ಮಂಗಳವಾರ, ಹಾಗಾಗಿ ಬುಧವಾರ ಬಂದರೆ ದಿನ ಸರಿಯಾಗಿ ದಾಟಿದೆ. ಮೂಲದ ಸಮಯವನ್ನೂ ಪಕ್ಕದಲ್ಲಿಡಿ.

ಮಧ್ಯರಾತ್ರಿಗೆ ‘ಜಾಜಂಗ್’ ಎಂಬ ಕೊರಿಯನ್ ಪದವಿದೆ. ಗಡುವಿನಲ್ಲಿ ಅದನ್ನು ಬಳಸಬೇಡಿ. 31ರ ಜಾಜಂಗ್ ಎಂದರೆ ಆ ದಿನ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ಗೊಂದಲ ಕೊರಿಯನ್ನರಿಗೇ ಇದೆ.

ಹಂತ 5: ಉದ್ದ, ಮಿತಿ, ಕಡತ

ಸಾರಾಂಶ 250 ಪದಗಳನ್ನು ಮೀರಬಾರದು ಎಂದು ಮೂಲ ಹೇಳುತ್ತದೆ. ಸಾರಾಂಶ ಇಂಗ್ಲಿಷಿನಲ್ಲೇ ಇರಬೇಕಾದರೆ ಅಂಕಿ ಹಾಗೇ ಇರಲಿ. ಕೊರಿಯನ್ನಿನಲ್ಲಿ ಬರೆಯಬಹುದಾದರೆ ಆ ಅಂಕಿ ಕೆಲಸಕ್ಕೆ ಬಾರದು, ಏಕೆಂದರೆ ವಿಭಕ್ತಿ ಪದಕ್ಕೆ ಅಂಟಿಕೊಳ್ಳುವ ಭಾಷೆಯಲ್ಲಿ ಅದೇ ಮಾತು ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಕೊರಿಯಾದಲ್ಲಿ ಅಕ್ಷರ ಎಣಿಸುತ್ತಾರೆ, ಖಾಲಿ ಜಾಗ ಸೇರಿಸಿಯೋ ಬಿಟ್ಟೋ ಎಂದೂ ಹೇಳುತ್ತಾರೆ. ಪೂರ್ಣ ಪ್ರಬಂಧವಾದರೆ 200 ಅಕ್ಷರಗಳ ಚೌಕದ ಹಾಳೆ ಎಷ್ಟು ಎಂಬ ಹಳೆಯ ಅಳತೆ ಇಂದಿಗೂ ಉಂಟು. ಸಂಘಟಕರಿಗೆ ಅಂಕಿ ಸೂಚಿಸಬೇಕಾದರೆ, ಎರಡೂ ಭಾಷೆಯ ಸಾರಾಂಶವಿರುವ ಕೊರಿಯನ್ ಪತ್ರಿಕೆಯ ಐದಾರು ಲೇಖನ ತೆಗೆದು, ಇಂಗ್ಲಿಷ್ ಪದಗಳನ್ನೂ ಕೊರಿಯನ್ ಅಕ್ಷರಗಳನ್ನೂ ಎಣಿಸಿ ಅನುಪಾತ ನೋಡಿ.

ಮಿತಿ ಸೂಚಿಸುವ ಪದಗಳಲ್ಲಿ ಕೊರಿಯನ್ ಬಹಳ ಖಚಿತ. ‘ಇಹಾ’ ಎಂದರೆ ಹೇಳಿದ ಅಂಕಿಯೂ ಒಳಗೆ, ‘ಮಿಮನ್’ ಎಂದರೆ ಆ ಅಂಕಿ ಹೊರಗೆ. ಹಾಗೆಯೇ ಮೇಲ್ಮುಖಕ್ಕೆ ‘ಇಸಂಗ್’ ಒಳಗೊಂಡು, ‘ಛೊಗ್ವಾ’ ಹೊರತುಪಡಿಸಿ. ಪಿಎಚ್‌ಡಿ ಪಡೆದು ಐದು ವರ್ಷದೊಳಗಿನವರಿಗೆ ಪ್ರಯಾಣ ಭತ್ಯೆ ಎಂಬ ಸಾಲಿದ್ದರೆ, ಸರಿಯಾಗಿ ಐದು ವರ್ಷವಾದವರು ಸೇರುತ್ತಾರೋ ಇಲ್ಲವೋ ಎಂಬುದು ಈ ಪದದ ಮೇಲೆ ನಿಂತಿದೆ.

ಅಕ್ಷರ ಶೈಲಿಯ ನಿಯಮ ನೇರವಾಗಿ ದಾಟದು. ಟೈಮ್ಸ್ ನ್ಯೂ ರೋಮನ್‌ನಲ್ಲಿ ಕೊರಿಯನ್ ಲಿಪಿಯೇ ಇಲ್ಲ. ಓರೆ ಅಕ್ಷರ ಆ ಲಿಪಿಗೆ ಒಗ್ಗದ್ದರಿಂದ ಪುಸ್ತಕದ ಹೆಸರಿಗೆ ಜೋಡಿ ಮೂಲೆಯಾವರಣ, ಲೇಖನಕ್ಕೆ ಒಂಟಿ ಮೂಲೆಯಾವರಣ ಬಳಸುತ್ತಾರೆ. ಕಡತದ ಮಾತು ಇನ್ನೂ ಮುಖ್ಯ. ಅಲ್ಲಿ ಬಹುಜನ ಬರೆಯುವುದು ಹಾನ್‌ಕಾಮ್ ಕಂಪನಿಯ ಹಂಗುಲ್ ತಂತ್ರಾಂಶದಲ್ಲಿ, ಅದರ ಕಡತ .hwp ಅಥವಾ .hwpx. ಮೂಲ .docx ಮಾತ್ರ ಎನ್ನುತ್ತದೆ. ಹೊರದೇಶದ ಸಂಘಟಕರು .hwp ತೆರೆಯಲಾರದೆ ಹೋಗಬಹುದು. ಅದನ್ನು ಸ್ವೀಕರಿಸುವುದಿಲ್ಲವೆಂದಾದರೆ ಸ್ಪಷ್ಟವಾಗಿ ಬರೆಯಿರಿ. ಮೌನವಾಗಿದ್ದರೆ ಅರ್ಧ ಕಡತಗಳು ಅದೇ ರೂಪದಲ್ಲಿ ಬರುತ್ತವೆ.

ಹಂತ 6: ಹೆಸರು ತೋರಿಸುವುದು, ಮರೆಮಾಡುವುದು

ಕೊರಿಯಾದಲ್ಲಿ ಮನೆತನದ ಹೆಸರು ಮೊದಲು. ಕಿಮ್, ಲೀ, ಪಾರ್ಕ್ ಎಂಬ ಮೂರೇ ಹೆಸರುಗಳು ಜನಸಂಖ್ಯೆಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಉಲ್ಲೇಖದಲ್ಲಿ ಮನೆತನದ ಹೆಸರು ಮತ್ತು ಮೊದಲಕ್ಷರ ಸಾಕು ಎಂಬ ಇಂಗ್ಲಿಷ್ ನಿಯಮವನ್ನು ಪಾಲಿಸಿದರೆ ಹತ್ತಾರು ಲೇಖಕರು ಒಬ್ಬರಾಗುತ್ತಾರೆ. ಕೊರಿಯನ್ ಲೇಖಕರ ಪೂರ್ಣ ಹೆಸರಿಗೆ ಅವಕಾಶ ಕೊಡುವಂತೆ ಸಂಘಟಕರಿಗೆ ಸೂಚಿಸಿ.

ವಿಮರ್ಶಕರಿಗೆ ಲೇಖಕರ ಗುರುತು ಸಿಗಬಾರದು ಎಂಬ ನಿಯಮಕ್ಕೆ ಒಂದು ಸಾಲು ಸೇರಿಸಬೇಕಾಗುತ್ತದೆ. ಕೊರಿಯನ್ ವಿದ್ವಾಂಸರು ತಮ್ಮದೇ ಹಳೆಯ ಲೇಖನವನ್ನು ವಿನಯದಿಂದ ‘ಜೊಲ್ಗೊ’ ಎಂದು, ಅಂದರೆ ನನ್ನ ಅಲ್ಪ ಬರಹ ಎಂದು, ಉಲ್ಲೇಖಿಸುವ ಸಂಪ್ರದಾಯವಿದೆ. ಮೊದಲ ಪುಟದಿಂದ ಹೆಸರು ತೆಗೆದರೂ ಅಡಿಟಿಪ್ಪಣಿಯ ಈ ಪದ ಎಲ್ಲವನ್ನೂ ಬಯಲು ಮಾಡುತ್ತದೆ. ಇಂಗ್ಲಿಷ್ ಮೂಲಕ್ಕೆ ಇದು ಗೊತ್ತಿರದು. ಸಂಘಟಕರ ಒಪ್ಪಿಗೆ ಪಡೆದು, ಆ ಪದ ಬಳಸದೆ ಸ್ವಂತ ಕೃತಿಯನ್ನೂ ಪರರ ಕೃತಿಯಂತೆ ಉಲ್ಲೇಖಿಸಿ ಎಂದು ಬರೆಯಿರಿ.

ಹಂತ 7: ಇಂಗ್ಲಿಷ್ ನೋಡದವರಿಂದ ಪರೀಕ್ಷೆ

ಪದಗಳ ನಡುವಿನ ಜಾಗ ಕೊರಿಯನ್ನಿನಲ್ಲಿ ಹುಟ್ಟು ಭಾಷಿಕರನ್ನೂ ಎಡವಿಸುತ್ತದೆ, ಕಾಗುಣಿತ ಪರೀಕ್ಷಕ ತಂತ್ರಾಂಶದಲ್ಲಿ ಒಮ್ಮೆ ಹಾಯಿಸಿ. ಆಮೇಲೆ ಮೂಲ ಓದಿರದ ಕೊರಿಯನ್ ಸಂಶೋಧಕರೊಬ್ಬರಿಗೆ ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳುವ ಬದಲು ಇವನ್ನು ಕೇಳಿ: ಯಾವ ಭಾಷೆಯಲ್ಲಿ ಬರೆಯುತ್ತೀರಿ? ಯಾವ ದಿನ, ಎಷ್ಟು ಗಂಟೆಯೊಳಗೆ ಕಳಿಸುತ್ತೀರಿ? ಯಾವ ಕಡತ? ಇದನ್ನೇ ಮುಂದೆ ಪತ್ರಿಕೆಗೆ ಕೊಡಬಹುದೇ? ಅವರು ತಡವರಿಸಿದ ಕಡೆ ವಾಕ್ಯ ತಿದ್ದಿ.

ಎರಡು ರೂಪಗಳ ನಡುವೆ ವ್ಯತ್ಯಾಸ ಬಂದರೆ ಯಾವುದು ಅಂತಿಮ ಎಂಬ ಸಾಲನ್ನು ಸಂಘಟಕರಿಂದ ಬರೆಸಿಕೊಂಡು ಕೊನೆಯಲ್ಲಿ ಸೇರಿಸಿ. ಗಡುವು ಮುಂದೆ ಹೋಗುವುದು ಸಮ್ಮೇಳನಗಳಲ್ಲಿ ಸಾಮಾನ್ಯ. ಇಂಗ್ಲಿಷಿನಲ್ಲಿ ದಿನ ಬದಲಿಸುವವರು ನಿಮಗೂ ಅಂದೇ ತಿಳಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ, ಮತ್ತು ದಿನಾಂಕ ಬರುವ ಎಲ್ಲ ಜಾಗಗಳನ್ನೂ ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಟ್ಟುಕೊಳ್ಳಿ.