ಸಂತಾಪ ಸಂದೇಶದ ಭಾಷೆ: ಸಿದ್ಧ ನುಡಿಗಟ್ಟುಗಳ ಔಚಿತ್ಯ

ಸಹೋದ್ಯೋಗಿಯೊಬ್ಬರ ತಂದೆಯೋ ತಾಯಿಯೋ ತೀರಿಕೊಂಡಾಗ ಬರೆಯುವ ನಾಲ್ಕೈದು ವಾಕ್ಯಗಳ ಸಂದೇಶವನ್ನು ಭಾಷಾಧ್ಯಯನವು ಸಾಮಾನ್ಯವಾಗಿ ಕಡೆಗಣಿಸುತ್ತದೆ. ಅದರಲ್ಲಿ ಬರುವ ಮಾತುಗಳೆಲ್ಲ ಸವೆದವು, ಆದ್ದರಿಂದ ಅರ್ಥಶೂನ್ಯವಾದವು ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಈ ಸಿದ್ಧ ನುಡಿಗಟ್ಟುಗಳ ವ್ಯಾಕರಣ ರಚನೆಯನ್ನು ಪರಿಶೀಲಿಸಿದರೆ ದುಃಖಿತರ ಮೇಲೆ ಯಾವ ಹೊರೆಯನ್ನೂ ಹೊರಿಸದಿರುವ ವಿವೇಕವು ಅವುಗಳಲ್ಲಿ ಅಡಕವಾಗಿರುವುದು ಕಂಡುಬರುತ್ತದೆ. ಪ್ರಸ್ತುತ ಲೇಖನದಲ್ಲಿ ಒಂದು ಮಾದರಿ ಸಂದೇಶವನ್ನು ಮುಂದಿಟ್ಟುಕೊಂಡು ಈ ಅಂಶವನ್ನು ವಿವೇಚಿಸಲಾಗಿದೆ.

ಕಾಲೇಜೊಂದರ ಕನ್ನಡ ವಿಭಾಗದ ಅಧ್ಯಾಪಕರು ತಮ್ಮ ಸಹೋದ್ಯೋಗಿಗೆ ಹೀಗೆ ಬರೆದರೆಂದು ಭಾವಿಸೋಣ: "ನಿಮ್ಮ ತಾಯಿಯವರು ಲಿಂಗೈಕ್ಯರಾದ ವಿಷಯ ತಿಳಿದು ದುಃಖವಾಯಿತು. ಅವರಿಗೆ ಏನಾಗಿತ್ತು? ತುಂಬು ಜೀವನ ನಡೆಸಿದವರು. ಆದ್ದರಿಂದ ನೀವು ದುಃಖಿಸಬೇಡಿ, ಧೈರ್ಯ ತಂದುಕೊಳ್ಳಿ. ತಮಗೂ ತಮ್ಮ ಕುಟುಂಬದವರಿಗೂ ನನ್ನ ಭಾವಪೂರ್ಣ ಶ್ರದ್ಧಾಂಜಲಿ." ಬರೆದವರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೂ ಇದನ್ನು ಓದುವವರ ಮನಸ್ಸು ಹಲವು ಕಡೆ ಎಡವುತ್ತದೆ.

ಮೊದಲನೆಯದು ಸಾವನ್ನು ಹೇಳುವ ಕ್ರಿಯಾಪದದ ಆಯ್ಕೆ. 'ಸತ್ತರು' ಎಂಬ ನೇರ ರೂಪವನ್ನು ಇಂಥ ಸಂದರ್ಭದಲ್ಲಿ ಯಾರೂ ಬಳಸುವುದಿಲ್ಲ. 'ಮೃತರು' ಎಂಬುದಕ್ಕೆ ವರದಿಯ ಧಾಟಿಯಿದೆ. 'ತೀರಿಕೊಂಡರು' ಎಂಬುದು ಆಡುಮಾತಿಗೆ ಹತ್ತಿರವಾದ ಆಪ್ತ ರೂಪ. 'ನಿಧನರಾದರು' ಎಂಬುದು ಬರಹದ ತಟಸ್ಥ ರೂಪ. ಇವುಗಳಿಗೆ ಭಿನ್ನವಾಗಿ 'ಲಿಂಗೈಕ್ಯ', 'ಶಿವೈಕ್ಯ', 'ವೈಕುಂಠವಾಸಿ', 'ಜಿನೈಕ್ಯ' ಮೊದಲಾದ ಪದಗಳು ಒಂದೊಂದು ಶ್ರದ್ಧೆಯ ಮರಣಕಲ್ಪನೆಯನ್ನು ಹೊತ್ತಿವೆ. ಆ ಕುಟುಂಬದವರು ತಾವೇ ಅಂಥ ಪದವನ್ನು ಬಳಸಿದ್ದರೆ ಅದನ್ನು ಅನುಸರಿಸುವುದು ಸರಿ. ಊಹಿಸಿ ಬಳಸುವುದು ತರವಲ್ಲ. ಬಳಸಿದರೂ ಮುಂದಿನ ಹಾರೈಕೆ ಅದಕ್ಕೆ ಹೊಂದಬೇಕು. 'ಲಿಂಗೈಕ್ಯ' ಎಂದರೆ ಲಿಂಗದಲ್ಲಿ ಒಂದಾದುದು. ಹಾಗೆ ಹೇಳಿದ ಬಳಿಕ ಆತ್ಮಕ್ಕೆ ಸದ್ಗತಿ ದೊರೆಯಲಿ ಎಂದು ಸೇರಿಸಿದರೆ ಆಗಿಹೋದುದನ್ನು ಇನ್ನೂ ಆಗಬೇಕಾದುದೆಂಬಂತೆ ಹೇಳಿದಂತಾಗುತ್ತದೆ. ಖಚಿತವಾಗಿ ತಿಳಿಯದಿರುವಾಗ 'ನಿಧನರಾದರು' ಎಂಬ ಪದವೇ ಎಲ್ಲ ಮನೆಗಳಿಗೂ ಸಲ್ಲುತ್ತದೆ.

ಎರಡನೆಯದು ಪ್ರಶ್ನೆ. 'ಏನಾಗಿತ್ತು?' ಎಂಬುದು ಮನೆಗೆ ಹೋದಾಗ ಸಹಜವಾಗಿ ಬರುವ ಮಾತು. ಅಲ್ಲಿ ಉತ್ತರಿಸಲು ಮನೆಯ ಬೇರೊಬ್ಬರು ಇರುತ್ತಾರೆ. ಬರಹದಲ್ಲಿ ಮಾತ್ರ ಅದು ದುಃಖಿತರಿಂದಲೇ ಉತ್ತರವನ್ನು ಬೇಡುತ್ತದೆ. ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರು 1987ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಸೌಜನ್ಯಸಿದ್ಧಾಂತವು ತಮಿಳಿನ ಸಾಮಗ್ರಿಯನ್ನೂ ಆಧರಿಸಿದೆ. ಕೇಳುಗರ ಮೇಲೆ ಬೀಳುವ ಒತ್ತಾಯವನ್ನು ಕಡಿಮೆ ಮಾಡುವುದು ಸೌಜನ್ಯದ ಒಂದು ಮುಖ್ಯ ಬಗೆಯೆಂದು ಅದು ಗುರುತಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ ಪ್ರಶ್ನೆಯಿಲ್ಲದಿರುವುದೇ ಸಂತಾಪ ಸಂದೇಶದ ಮೊದಲ ಲಕ್ಷಣ. 'ಏನಾದರೂ ಬೇಕಿದ್ದರೆ ತಿಳಿಸಿ' ಎಂಬ ಮಾತು ಕೂಡ ರೂಪದಲ್ಲಿ ಪ್ರಶ್ನೆಯಲ್ಲದಿದ್ದರೂ ಪರಿಣಾಮದಲ್ಲಿ ಪ್ರಶ್ನೆಯೇ. ಏನು ಬೇಕೆಂದು ಯೋಚಿಸುವ ಕೆಲಸವನ್ನು ಅದು ದುಃಖಿತರಿಗೇ ಬಿಡುತ್ತದೆ.

ಮೂರನೆಯದು ಕ್ರಿಯಾರೂಪ. ವಿಧ್ಯರ್ಥ ರೂಪವು ಅಪ್ಪಣೆ, ಆಶೀರ್ವಾದ, ಹಾರೈಕೆಗಳಲ್ಲಿ ಬರುತ್ತದೆಂದು ವ್ಯಾಕರಣ ಪಾಠಗಳು ಹೇಳುತ್ತವೆ. ಪ್ರಕೃತ ಸಂದರ್ಭದಲ್ಲಿ ಮುಖ್ಯವಾಗುವುದು ಪುರುಷಭೇದ. 'ಧೈರ್ಯ ತಂದುಕೊಳ್ಳಿ' ಎಂಬುದು ಮಧ್ಯಮಪುರುಷ. ಇಲ್ಲಿ ಕರ್ತೃಸ್ಥಾನದಲ್ಲಿರುವವರು ದುಃಖಿತರು, ಮಾಡಬೇಕಾದವರೂ ಅವರೇ. 'ದುಃಖವನ್ನು ಭರಿಸುವ ಶಕ್ತಿ ತಮಗೆ ಒದಗಲಿ' ಎಂಬುದು ಪ್ರಥಮಪುರುಷ. ಇಲ್ಲಿ ಕರ್ತೃ 'ಶಕ್ತಿ', ದುಃಖಿತರು ಚತುರ್ಥಿ ವಿಭಕ್ತಿಯಲ್ಲಿ ಅದನ್ನು ಪಡೆಯುವವರಾಗಿ ನಿಲ್ಲುತ್ತಾರೆ. ಎರಡೂ ವಾಕ್ಯಗಳ ಆಶಯ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಕೆಲಸವೊಂದನ್ನು ವಹಿಸುತ್ತದೆ, ಎರಡನೆಯದು ವಹಿಸುವುದಿಲ್ಲ. 'ದುಃಖವಾಯಿತು' ಎಂಬ ರೂಪವೂ ಇಂಥದೇ. ಅಲ್ಲಿ ದುಃಖವೇ ಕರ್ತೃ. 'ನನಗೆ' ಎಂಬುದು ಲೋಪವಾಗಿ ಬರೆದವರು ಹಿಂದೆ ಸರಿಯುತ್ತಾರೆ. ಸವೆದವೆಂದು ಭಾವಿಸಲಾದ ಈ ನುಡಿಗಟ್ಟುಗಳು '-ಲಿ' ಪ್ರತ್ಯಯವನ್ನೂ ಚತುರ್ಥಿಯನ್ನೂ ಬಿಡದೆ ಹಿಡಿದಿರುವುದಕ್ಕೆ ಇದೇ ಸಮರ್ಥನೆಯಾಗಿದೆ.

ನಾಲ್ಕನೆಯದು 'ತುಂಬು ಜೀವನ' ಎಂಬ ಮಾತು. ಇದು ದುಃಖಿತರು ತಮ್ಮನ್ನು ತಾವು ಸಂತೈಸಿಕೊಳ್ಳಲು ಆಡಬಹುದಾದ ಮಾತು. ಹೊರಗಿನವರು ಅದನ್ನು 'ಆದ್ದರಿಂದ' ಎಂಬ ಅವ್ಯಯದೊಡನೆ ಹೇಳಿದಾಗ ಅದು ವಾದವಾಗುತ್ತದೆ, ಇಷ್ಟು ದುಃಖ ಅನಗತ್ಯವೆಂಬ ತೀರ್ಪು ಅದರಲ್ಲಿ ಧ್ವನಿಸುತ್ತದೆ. ಎಂಬತ್ತು ದಾಟಿದ ತಾಯಿಯನ್ನು ಕಳೆದುಕೊಂಡವರೂ ತಾಯಿಯನ್ನೇ ಕಳೆದುಕೊಂಡಿರುತ್ತಾರೆ.

ಐದನೆಯದು, ಎಲ್ಲಕ್ಕಿಂತ ಗಂಭೀರವಾದುದು, 'ಶ್ರದ್ಧಾಂಜಲಿ' ಪದದ ಪ್ರಯೋಗ. ರೂಢಿಯಲ್ಲಿ ಶ್ರದ್ಧಾಂಜಲಿ ಸಲ್ಲುವುದು ಅಗಲಿದವರಿಗೆ. ಸಂತಾಪ ಮತ್ತು ಸಾಂತ್ವನ ಸಲ್ಲುವುದು ಉಳಿದವರಿಗೆ. ಮಾದರಿಯಲ್ಲಿರುವಂತೆ 'ತಮಗೂ ತಮ್ಮ ಕುಟುಂಬದವರಿಗೂ' ಶ್ರದ್ಧಾಂಜಲಿ ಸಲ್ಲಿಸಿದರೆ ಬದುಕಿರುವವರನ್ನು ಅಗಲಿದವರ ಸಾಲಿಗೆ ಸೇರಿಸಿದಂತಾಗುತ್ತದೆ. ಅವಸರದಲ್ಲಿ ಬರೆಯುವಾಗ ಈ ದೋಷ ಸುಲಭವಾಗಿ ನುಸುಳುತ್ತದೆ. ಆ ಪದದ ಹಿಂದಿರುವ ಚತುರ್ಥ್ಯಂತ ನಾಮಪದ ಯಾರನ್ನು ಸೂಚಿಸುತ್ತದೆಂದು ನೋಡಿದರೆ ಅದು ಕೂಡಲೇ ಗೊತ್ತಾಗುತ್ತದೆ. ಇದರ ಜೊತೆಗೆ 'ನೀವು' ಎಂದು ಆರಂಭಿಸಿ 'ತಾವು' ಎಂದು ಮುಗಿಸಿರುವುದನ್ನೂ ಗಮನಿಸಬೇಕು. ಯಾವುದಾದರೂ ಒಂದನ್ನು ಕೊನೆಯವರೆಗೆ ಪಾಲಿಸುವುದು ಯುಕ್ತ.

ಮೇಲಿನ ಅಂಶಗಳನ್ನು ಅನುಸರಿಸಿ ಅದೇ ಸಂದೇಶವನ್ನು ಹೀಗೆ ತಿದ್ದಬಹುದು: "ತಮ್ಮ ತಾಯಿಯವರು ನಿಧನರಾದ ಸುದ್ದಿ ತಿಳಿದು ಬಹಳ ದುಃಖವಾಯಿತು. ಮನೆಗೆ ಬಂದವರನ್ನು ಊಟ ಮಾಡಿಸದೆ ಕಳುಹಿಸದ ಅವರ ಅಕ್ಕರೆ ನೆನಪಿನಲ್ಲಿದೆ. ಅಗಲಿದ ಹಿರಿಯ ಜೀವಕ್ಕೆ ಚಿರಶಾಂತಿ ದೊರೆಯಲಿ. ಈ ನೋವನ್ನು ಭರಿಸುವ ಶಕ್ತಿ ತಮಗೂ ಮನೆಯವರಿಗೂ ಒದಗಲಿ. ತಮ್ಮ ತರಗತಿಗಳನ್ನು ವಿಭಾಗದಲ್ಲಿ ಹಂಚಿಕೊಂಡಿದ್ದೇವೆ." ಇಲ್ಲಿ ಎರಡನೆಯ ಮತ್ತು ಕೊನೆಯ ವಾಕ್ಯಗಳು ಮಾತ್ರ ಸಿದ್ಧ ನುಡಿಗಟ್ಟಿನವಲ್ಲ. ನೆನಪಿನ ವಾಕ್ಯವನ್ನು ನಿಜವಾದ ಪರಿಚಯವಿದ್ದರೆ ಬರೆಯಬೇಕು, ಇಲ್ಲದಿದ್ದರೆ ಬಿಡಬೇಕು. ಕಾಣದವರ ಗುಣವರ್ಣನೆ ಸುಳ್ಳಾಗಿ ಕೇಳಿಸುತ್ತದೆ. ತರಗತಿಯ ವಾಕ್ಯವು ಆಗಿರುವ ಕೆಲಸವನ್ನು ತಿಳಿಸುತ್ತದೆ, ಮರುಮಾತನ್ನು ಕೇಳುವುದಿಲ್ಲ. 'ಆತ್ಮ' ಎಂಬುದರ ಬದಲು 'ಜೀವ' ಎಂದಿರುವುದರಿಂದ ಹಾರೈಕೆ ಯಾವುದೊಂದು ಮತದ ಪರಿಭಾಷೆಗೂ ಕಟ್ಟುಬೀಳುವುದಿಲ್ಲ.

ಸಂದೇಶದ ಆದಿ ಅಂತ್ಯಗಳಲ್ಲಿ ಇಲ್ಲದಿರುವುದು ಕೂಡ ಗಮನಾರ್ಹ. ಹಳೆಯ ಪದ್ಧತಿಯ ಕಾಗದಗಳ ಆರಂಭದಲ್ಲಿ ಬರುತ್ತಿದ್ದ 'ಉಭಯ ಕುಶಲೋಪರಿ' ಎಂಬ ಒಕ್ಕಣೆಗೆ ಸಾವಿನ ಸಂದರ್ಭದಲ್ಲಿ ಎಡೆಯಿಲ್ಲ. ಸಾವಿನ ಮನೆಯಿಂದ ಹೊರಡುವವರು 'ಹೋಗಿ ಬರುತ್ತೇನೆ' ಎನ್ನದೆ ಸುಮ್ಮನೆ ಎದ್ದು ಬರುವ ರೂಢಿ ನಮ್ಮಲ್ಲಿದೆ. ಬರಹವೂ ಅದೇ ರೂಢಿಯನ್ನು ಪಾಲಿಸಿ, 'ಶುಭವಾಗಲಿ', 'ಮತ್ತೆ ಭೇಟಿಯಾಗೋಣ' ಎಂಬ ಮುಕ್ತಾಯಗಳಿಲ್ಲದೆ ಹೆಸರಿನೊಡನೆ ನಿಲ್ಲುತ್ತದೆ.