ತುಪ್ಪಕ್ಕೊಂದು ಹೆಸರು: ವ್ಯಾಪಾರನಾಮದಲ್ಲಿ ಶುದ್ಧತೆ, ಪರಂಪರೆ ಮತ್ತು ಭಿನ್ನತೆ

ವ್ಯಾಪಾರನಾಮಗಳ ರಚನೆ ಕನ್ನಡದ ಭಾಷಿಕ ಅಧ್ಯಯನದಲ್ಲಿ ಹೆಚ್ಚಿನ ಗಮನ ಪಡೆದ ವಿಷಯವಲ್ಲ. ಆದರೆ ಸಣ್ಣ ಉತ್ಪಾದಕರು ತಮ್ಮ ಸರಕಿಗೆ 'ಒಳ್ಳೆಯ ಕನ್ನಡ ಹೆಸರು' ಬೇಕೆಂದು ಬರುವುದು ಹೆಚ್ಚಾಗಿ ಕನ್ನಡ ಅಧ್ಯಾಪಕರ ಬಳಿಗೇ. ಅಂಥ ಹೆಸರು ಅರ್ಥದಲ್ಲಿ ಎಷ್ಟೇ ಸುಂದರವಾಗಿದ್ದರೂ ಆಗಲೇ ಪ್ರಸಿದ್ಧವಾಗಿರುವ ಇನ್ನೊಂದು ಹೆಸರನ್ನು ಹೋಲಿದರೆ, ಮುದ್ರಿಸಿದ ಡಬ್ಬಿ, ಚೀಟಿ, ಗಳಿಸಿದ ಗಿರಾಕಿ ಎಲ್ಲವೂ ಒಂದು ವಕೀಲರ ನೋಟೀಸಿನಿಂದ ವ್ಯರ್ಥವಾಗಬಹುದು. ತುಪ್ಪದ ಹೆಸರುಗಳನ್ನೇ ಮಾದರಿಯಾಗಿಟ್ಟುಕೊಂಡು, ಶುದ್ಧತೆ ಮತ್ತು ಪರಂಪರೆಯನ್ನು ಸೂಚಿಸುವ, ಆದರೂ ಇತರರ ಹೆಸರಿಗೆ ತಾಗದ ಪದವನ್ನು ಹುಡುಕುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಸಮಾನ ಸೊತ್ತಾದ ಪದಗಳು

ಹೈನಿನ ಉತ್ಪನ್ನಕ್ಕೆ ಹೆಸರು ಯೋಚಿಸುವವರಿಗೆ ಮೊದಲು ಹೊಳೆಯುವ ಪದಗಳು ಬಹುಮಟ್ಟಿಗೆ ಒಂದೇ: ನಂದಿನಿ, ಸುರಭಿ, ಕಾಮಧೇನು, ಗೋಕುಲ, ಕೃಷ್ಣ, ಅಮೃತ. ಪುರಾಣದಿಂದ ಬಂದ ಈ ಪದಗಳು ವಿವರಣೆಯಿಲ್ಲದೆ ಹಾಲನ್ನು, ಪಾವಿತ್ರ್ಯವನ್ನು ನೆನಪಿಸುತ್ತವೆ. ಅವುಗಳ ಬಲವೂ ಅದೇ, ದೌರ್ಬಲ್ಯವೂ ಅದೇ. ಎಲ್ಲರಿಗೂ ಹೊಳೆಯುವ ಪದ ಯಾರೊಬ್ಬರನ್ನೂ ಗುರುತಿಸಿ ತೋರಿಸಲಾರದು.

ಈ ಸಂಗತಿ ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ವ್ಯಕ್ತವಾಗಿದೆ. 2011ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ 'ಕೃಷ್ಣ' ಎಂಬ ತುಪ್ಪದ ಹೆಸರಿನ ವಿವಾದ ಬಂದಾಗ, ಬೆಣ್ಣೆ-ಹಾಲುಗಳೊಡನೆ ಸಹಜವಾಗಿ ಬೆಸೆದುಕೊಂಡಿರುವ ದೇವರ ಹೆಸರಿನ ಮೇಲೆ ಒಬ್ಬರೇ ಸ್ವಾಮ್ಯ ಸಾಧಿಸುವುದು ಸುಲಭವಲ್ಲವೆಂಬ ನಿಲುವನ್ನು ನ್ಯಾಯಾಲಯ ತಾಳಿತು. ಕರ್ನಾಟಕಕ್ಕೆ ಇನ್ನೂ ಹತ್ತಿರವಾದದ್ದು ನಂದಿನಿ ಪ್ರಕರಣ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ಬಳಸುತ್ತಿದ್ದ 'ನಂದಿನಿ'ಗೂ, ಬೆಂಗಳೂರಿನಲ್ಲಿ 1989ರಿಂದ ನಡೆಯುತ್ತಿದ್ದ 'ನಂದಿನಿ ಡಿಲಕ್ಸ್' ಉಪಾಹಾರಗೃಹಗಳಿಗೂ ನಡುವೆ ಎದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಜುಲೈನಲ್ಲಿ ತೀರ್ಪು ನೀಡಿತು. ನಂದಿನಿ ಎಂಬುದು ಪುರಾಣದ ಗೋವಿನ ಹೆಸರು, ಮಹಾಮಂಡಳವೇ ಸೃಷ್ಟಿಸಿದ ಪದವಲ್ಲ. ಎರಡೂ ಚಿಹ್ನೆಗಳ ಚಿತ್ರಗಳು ಬೇರೆ, ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಸರಕುಗಳೂ ಬೇರೆ ಎಂದು ಹೇಳಿ ಉಪಾಹಾರಗೃಹದ ಪರವಾಗಿ ತೀರ್ಮಾನಿಸಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಆ ನೋಂದಣಿಯಿಂದ ಹೊರಗಿಟ್ಟಿತು.

ತುಪ್ಪ ಮಾರಹೊರಟವರಿಗೆ ಮುಖ್ಯವಾದದ್ದು ಈ ಕೊನೆಯ ಮಾತು. ತೀರ್ಪನ್ನು ಅರ್ಧ ಓದಿ 'ನಂದಿನಿ ಎಲ್ಲರ ಪದ' ಎಂದು ಭಾವಿಸಿ, ತುಪ್ಪಕ್ಕೆ 'ಸುನಂದಿನಿ' ಎಂದೋ 'ನಂದನಿ' ಎಂದೋ ಹೆಸರಿಟ್ಟರೆ ಅದು ವಿನಾಯಿತಿ ದೊರೆಯದ ಕ್ಷೇತ್ರದಲ್ಲಿಯೇ ಕಾಲಿಟ್ಟಂತೆ. ಸಮಾನ ಸೊತ್ತಾದ ಪದವೂ ದೀರ್ಘ ಬಳಕೆಯಿಂದ ಒಂದು ಸರಕಿನಲ್ಲಿ ಒಬ್ಬರ ಗುರುತಾಗಿ ನಿಲ್ಲಬಲ್ಲದು.

2. ವರ್ಣನೆಯ ಪದಗಳು

ಪುರಾಣವನ್ನು ಬಿಟ್ಟವರು ಸಾಮಾನ್ಯವಾಗಿ ಗುಣವಾಚಕಗಳತ್ತ ಹೊರಳುತ್ತಾರೆ: ಶುದ್ಧ, ಅಪ್ಪಟ, ಪರಿಶುದ್ಧ, ಸಾಂಪ್ರದಾಯಿಕ. ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 9ನೆಯ ಪ್ರಕರಣ. ಸರಕಿನ ಬಗೆ, ಗುಣ, ಪ್ರಮಾಣ, ಹುಟ್ಟಿದ ಸ್ಥಳ ಇವನ್ನಷ್ಟೇ ಹೇಳುವ ಪದಕ್ಕೆ, ಬಳಕೆಯಿಂದ ಅದು ವಿಶಿಷ್ಟತೆ ಗಳಿಸಿರದ ಹೊರತು, ನೋಂದಣಿ ದೊರೆಯುವುದಿಲ್ಲ. ಎರಡನೆಯದು, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿ. ಶುದ್ಧ, ಸಹಜ, ಸಾಂಪ್ರದಾಯಿಕ, ಅಸಲಿ ಮುಂತಾದ ವಿಶೇಷಣಗಳ ಬಳಕೆಗೆ ಅದು ಷರತ್ತುಗಳನ್ನು ವಿಧಿಸಿದೆ. ಇಂಥ ವಿಶೇಷಣ ಹೆಸರಿನೊಳಗೇ ಸೇರಿ ಗ್ರಾಹಕರನ್ನು ತಪ್ಪುದಾರಿಗೆಳೆಯುವಂತಿದ್ದರೆ, ಇದು ಕೇವಲ ವ್ಯಾಪಾರನಾಮ, ಉತ್ಪನ್ನದ ನಿಜಸ್ವರೂಪವನ್ನು ಸೂಚಿಸುವುದಿಲ್ಲ ಎಂಬರ್ಥದ ಸೂಚನೆಯನ್ನು ಕನಿಷ್ಠ 3 ಮಿಲಿಮೀಟರ್ ಗಾತ್ರದ ಅಕ್ಷರಗಳಲ್ಲಿ ಚೀಟಿಯ ಮೇಲೆ ಮುದ್ರಿಸಬೇಕು. ಶುದ್ಧತೆಯನ್ನು ಸಾರಲೆಂದು ಇಟ್ಟ ಹೆಸರಿನ ಪಕ್ಕದಲ್ಲಿಯೇ ಅದನ್ನು ಅಲ್ಲಗಳೆಯುವ ವಾಕ್ಯ ಬಂದು ಕೂರುತ್ತದೆ.

ಏನನ್ನೂ ಬೆರೆಸದ ತುಪ್ಪಕ್ಕೆ 'ಶುದ್ಧ' ಎಂಬ ವಿಶೇಷಣ ಸಲ್ಲಬಹುದು. ಆದರೆ ಕಾನೂನುಬದ್ಧವಾಗಿ ತುಪ್ಪವೆಂದು ಮಾರಾಟವಾಗುವ ಪ್ರತಿಯೊಂದು ಸರಕಿಗೂ ಅದು ಸಲ್ಲಬೇಕು. ಎಲ್ಲಕ್ಕೂ ಸಲ್ಲುವ ವಿಶೇಷಣ ಯಾವುದನ್ನೂ ವಿಶೇಷಗೊಳಿಸದು.

3. ಹಳೆಯ ಪದಗಳ ಆಸರೆ ಮತ್ತು ಅದರ ಮಿತಿ

ವಿದ್ವಾಂಸರು ಇಲ್ಲಿ ನಿಘಂಟಿನತ್ತ ಕೈಚಾಚುವುದು ಸಹಜ. ಅಲ್ಲಿ ಸೊಗಸಾದ ಪದಗಳಿವೆ. 'ಹೈಯಂಗವೀನ' ಎಂದರೆ ನಿನ್ನೆ ಕರೆದ ಹಾಲಿನಿಂದ ತೆಗೆದ ಹೊಸ ತುಪ್ಪ. ಪಾಣಿನಿ ಇದಕ್ಕೆಂದೇ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ಕಾಳಿದಾಸನ ರಘುವಂಶದ ಮೊದಲ ಸರ್ಗದಲ್ಲಿ ದಿಲೀಪನಿಗೆ ಗೊಲ್ಲಹಿರಿಯರು ತಂದೊಪ್ಪಿಸುವುದೂ ಇದನ್ನೇ. ದ್ರಾವಿಡ ಮೂಲದ 'ನೆಯ್' ಎಂಬುದು ತುಪ್ಪ, ಎಣ್ಣೆ, ಜಿಡ್ಡು ಎಂಬ ಅರ್ಥಗಳನ್ನು ಹೊತ್ತ ಪದ. ನಮ್ಮ ಬೆಣ್ಣೆಯು 'ಬೆಳ್' ಮತ್ತು 'ನೆಯ್' ಸೇರಿ ಆದದ್ದು.

ಆದರೆ ಅಪರಿಚಿತ ಪದದ ಮರೆಯಲ್ಲಿ ವರ್ಣನೆ ಅಡಗಿ ಕೂರಲಾರದು. 2017ರ ವ್ಯಾಪಾರ ಚಿಹ್ನೆಗಳ ನಿಯಮಗಳ ಪ್ರಕಾರ, ಹಿಂದಿ ಅಥವಾ ಇಂಗ್ಲಿಷ್ ಅಲ್ಲದ ಲಿಪಿಯ ಪದಗಳಿಗೆ ಅರ್ಜಿದಾರರು ಲಿಪ್ಯಂತರವನ್ನೂ ಅನುವಾದವನ್ನೂ ಒದಗಿಸಬೇಕು. 'ಹೈಯಂಗವೀನ'ದ ಅನುವಾದ 'ಹೊಸ ತುಪ್ಪ' ಎಂದಾದರೆ, ತುಪ್ಪದ ಮೇಲೆ ಅದು ಮತ್ತೆ ವರ್ಣನೆಯೇ ಎಂಬ ಆಕ್ಷೇಪ ಬರಬಹುದು. ಇನ್ನೊಂದು ಕಡೆ, ಅಂಗಡಿಯಲ್ಲಿ ನಿಂತ ಗ್ರಾಹಕರಿಗೆ ಅದನ್ನು ಉಚ್ಚರಿಸುವುದೇ ಕಷ್ಟ. ಉಚ್ಚರಿಸಲಾಗದ ಹೆಸರನ್ನು ಯಾರೂ ಕೇಳಿ ಕೊಳ್ಳುವುದಿಲ್ಲ. ಬೆರಳು ತೋರಿಸಿ ಕೊಳ್ಳುತ್ತಾರೆ, ಇಲ್ಲವೆ ಪಕ್ಕದ ಡಬ್ಬಿಯನ್ನು ಕೊಳ್ಳುತ್ತಾರೆ.

4. ಪದಚ್ಛೇದವಲ್ಲ, ಕಿವಿ

ಹೋಲಿಕೆಯನ್ನು ಅಳೆಯುವ ರೀತಿಯಲ್ಲಿ ಭಾಷಾಧ್ಯಾಪಕರ ಅಭ್ಯಾಸಕ್ಕೂ ಕಾನೂನಿನ ಅಭ್ಯಾಸಕ್ಕೂ ಮುಖ್ಯ ವ್ಯತ್ಯಾಸವೊಂದಿದೆ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಪ್ರಕರಣದಲ್ಲಿ 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಎಂಬ ಎರಡು ಔಷಧಿಗಳ ಹೆಸರುಗಳು ಎದುರುಬದುರಾಗಿದ್ದವು. ಸಮಾಸವನ್ನು ಬಿಡಿಸಿದರೆ ಒಂದು ಅಮೃತದ ಧಾರೆ, ಇನ್ನೊಂದು ಲಕ್ಷ್ಮಣನ ಧಾರೆ. ಅರ್ಥ ಸಂಪೂರ್ಣ ಬೇರೆ. ಆದರೆ ಅಸ್ಪಷ್ಟ ನೆನಪಿನಿಂದ ಕೊಳ್ಳಲು ಬರುವ ಸಾಮಾನ್ಯ ಗ್ರಾಹಕ ಪದವನ್ನು ಬಿಡಿಸಿ ವ್ಯುತ್ಪತ್ತಿಯನ್ನು ಯೋಚಿಸುವುದಿಲ್ಲ, ಒಟ್ಟು ರೂಪ ಮತ್ತು ಧ್ವನಿಯನ್ನಷ್ಟೇ ನೆಚ್ಚುತ್ತಾನೆ ಎಂದು ನ್ಯಾಯಾಲಯ ಹೇಳಿತು. ಹೆಸರುಗಳಲ್ಲಿ ಹೋಲಿಕೆಯಿದೆಯೆಂದು ನಿರ್ಣಯಿಸಿತು. ಅಮೃತಧಾರೆಯವರು ದೀರ್ಘಕಾಲ ಸುಮ್ಮನಿದ್ದ ಕಾರಣ ಮಾತ್ರ ಎರಡನೆಯ ಹೆಸರಿಗೆ ಉತ್ತರ ಪ್ರದೇಶಕ್ಕೆ ಸೀಮಿತವಾದ ನೋಂದಣಿ ಉಳಿಯಿತು.

ಈ ದೃಷ್ಟಿಯಿಂದ, ಕನ್ನಡದಲ್ಲಿ ಅರ್ಥಭೇದಕವಾದ ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸವೂ ಹೆಸರನ್ನು ಕಾಯುವುದಿಲ್ಲ. ಮಾತಿನಲ್ಲಿ ಅದು ಬಹುಪಾಲು ಅಳಿಯುತ್ತದೆ. ರೋಮನ್ ಲಿಪಿಯಲ್ಲಂತೂ `Nandini`, `Nandhini` ಎರಡೂ ಒಂದೇ ಉಚ್ಚಾರಣೆಯ ಎರಡು ಬರಹಗಳು. ಉಪಸರ್ಗ ಸೇರಿಸುವುದು, ಕೊನೆಯ ಸ್ವರ ಬದಲಿಸುವುದು, ಮುಂದೆ 'ಶ್ರೀ' ಹಚ್ಚುವುದು ಇವು ವ್ಯಾಕರಣಕ್ಕೆ ಹೊಸ ಪದ, ಕಿವಿಗೆ ಹಳೆಯ ಪದ.

5. ಒಂದು ಮಾದರಿ

ಮೊಸರು ಕಡೆದು ಬೆಣ್ಣೆ ತೆಗೆದು ತುಪ್ಪ ಕಾಯಿಸುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳೋಣ. ಮೇಲಿನ ಚರ್ಚೆಯಿಂದ ಒಂದು ದಾರಿ ಕಾಣುತ್ತದೆ: ಗುಣವನ್ನು ಹೇಳದೆ, ಆ ಗುಣವು ಹುಟ್ಟುವ ಕ್ರಿಯೆಯ ಅಥವಾ ಪರಿಕರದ ಪರಿಸರದಿಂದ ಪದವನ್ನು ಆರಿಸುವುದು. ಅಂದರೆ ಅಭಿಧೆಯನ್ನು ಬಿಟ್ಟು ಲಕ್ಷಣೆಯನ್ನು ಹಿಡಿಯುವುದು. ಆ ಪರಿಸರದಲ್ಲಿ ದೊರೆಯುವ ಮೂರು ಪದಗಳನ್ನು ಪರೀಕ್ಷಿಸಬಹುದು.

'ಹರಳು' ಎಂಬುದು ಚಿಕ್ಕದು, ಚೆಲುವಾದುದು. ಆದರೆ ಹರಳುಗಟ್ಟುವುದು ತುಪ್ಪದ ಗುಣವೇ ಆದ್ದರಿಂದ ಇದು ವರ್ಣನೆ. ಮೇಲಾಗಿ ಹರಳು ಮೂಡುವುದು ತುಪ್ಪ ನಿಧಾನವಾಗಿ ಆರಿದಾಗ. ಬೇಸಿಗೆಯಲ್ಲಿ ಕರಗಿ ನೀರಾದ ಡಬ್ಬಿ ತನ್ನ ಹೆಸರನ್ನೇ ಸುಳ್ಳಾಗಿಸುತ್ತದೆ.

'ಕಡೆಗೋಲು' ಪರಿಕರದ ಹೆಸರು. ವರ್ಣನೆಯ ದೋಷ ಕಡಿಮೆ. ಆದರೆ ಉಡುಪಿಯ ಕೃಷ್ಣನ ಕೈಯಲ್ಲಿರುವುದು ಕಡೆಗೋಲು. ಹೆಸರಿನೊಡನೆ ಆ ಊರು, ಆ ದೇವರು ಬರುತ್ತಾರೆ. ಬೇರೆ ಜಿಲ್ಲೆಯ ತುಪ್ಪಕ್ಕೆ ಇದು ತಪ್ಪು ಸ್ಥಳಸೂಚನೆಯಾಗಬಹುದು. ಜೊತೆಗೆ ಕೃಷ್ಣನ ಸಮಾನ ಸೊತ್ತಿಗೇ ಮರಳಿದಂತಾಗುತ್ತದೆ.

'ನೆಲವು' ಹಾಲು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೆ, ಇರುವೆಗೆ ಎಟುಕದಂತೆ ಜಂತೆಗೆ ತೂಗುಹಾಕುವ ಹಗ್ಗದ ಸಿಕ್ಕ. ತುಪ್ಪ ಶುದ್ಧವೆಂದು ಇದು ಹೇಳುವುದಿಲ್ಲ. ಜೋಪಾನವಾಗಿ ಕಾಪಾಡಿದ್ದು ಎಂಬ ಭಾವವನ್ನಷ್ಟೇ ಎಬ್ಬಿಸುತ್ತದೆ. ಆ ಭಾವದಿಂದ ಶುದ್ಧತೆಗೆ ಗ್ರಾಹಕರು ಒಂದು ಹೆಜ್ಜೆ ತಾವೇ ಇಡಬೇಕು. ವರ್ಣನೆಯ ಪದಕ್ಕೂ ಸೂಚಕ ಪದಕ್ಕೂ ಇರುವ ಅಂತರ ಈ ಒಂದು ಹೆಜ್ಜೆಯೇ. ಮೇಲೆ ಹೆಸರಿಸಿದ ಯಾವ ಪದದೊಡನೆಯೂ ಇದಕ್ಕೆ ಧ್ವನಿಸಾಮ್ಯವಿಲ್ಲ.

ಇದಕ್ಕೂ ಮಿತಿಗಳಿವೆ. ನೆಲವನ್ನು ಕಾಣದ ಕಿರಿಯರಿಗೆ ಇದು 'ನೆಲ' ಎಂದೋ 'ನಿಲುವು' ಎಂದೋ ಕೇಳಿಸಬಹುದು. ತಮಿಳಿನಲ್ಲಿ 'ನಿಲವು' ಎಂದರೆ ಚಂದ್ರ, ಮಲಯಾಳದಲ್ಲಿ 'ನಿಲಾವ್' ಎಂದರೆ ಬೆಳದಿಂಗಳು. ಆ ಅರ್ಥಗಳಿಂದ ಹಾನಿಯಿಲ್ಲವಾದರೂ ಹೊಸೂರು, ಕಾಸರಗೋಡುಗಳ ಅಂಗಡಿಗಳಲ್ಲಿ ಹೆಸರು ಆ ರೂಪಕ್ಕೆ ಜಾರಬಹುದು. ಆದ್ದರಿಂದ ಚೀಟಿಯ ಮೇಲೆ ಗಡಿಗೆಯಿರುವ ನೆಲವಿನ ಚಿತ್ರ ಅಗತ್ಯ. ಆ ಚಿತ್ರಕ್ಕೆ ಬೆಣ್ಣೆ ಕದಿಯುವ ಬಾಲಕನನ್ನು ಸೇರಿಸಿದರೆ ಮಾತ್ರ ಗಳಿಸಿದ ಭಿನ್ನತೆ ಮತ್ತೆ ಕಳೆದುಹೋಗುತ್ತದೆ.

6. ಪರೀಕ್ಷೆಯ ಕ್ರಮ

ಹೆಸರನ್ನು ಒಪ್ಪುವ ಮೊದಲು ಎರಡು ಪರೀಕ್ಷೆಗಳನ್ನು ನಡೆಸಬೇಕು. ಒಂದು, ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ಸಾರ್ವಜನಿಕ ದಾಖಲೆಯಲ್ಲಿ ಹುಡುಕಾಟ. ತುಪ್ಪ ಸೇರಿರುವುದು 29ನೆಯ ವರ್ಗದಲ್ಲಿ. ಪದದ ಒಂದೇ ಬರಹವನ್ನು ಹುಡುಕಿದರೆ ಸಾಲದು. ಅಲ್ಲಿರುವ ಧ್ವನಿಸಾಮ್ಯದ ಹುಡುಕಾಟವನ್ನೂ ಬಳಸಿ `NELAVU`, `NELUVU`, `NELAHU`, `NILAVU` ಎಲ್ಲವನ್ನೂ ನೋಡಬೇಕು. ತುಪ್ಪದ ಸಿಹಿತಿಂಡಿಗಳನ್ನೂ ಮಾರುವ ಯೋಚನೆಯಿದ್ದರೆ 30ನೆಯ ವರ್ಗವನ್ನೂ ನೋಡಬೇಕು. ಈ ಹುಡುಕಾಟದಲ್ಲಿ ಹತ್ತಿರದ ಹೆಸರು ಸಿಕ್ಕರೆ, ಪದ ಎಷ್ಟೇ ಪ್ರಿಯವಾದರೂ ಕೈಬಿಡುವುದೇ ಲೇಸು.

ಇನ್ನೊಂದು ಕಿವಿಯ ಪರೀಕ್ಷೆ. ಬೇರೆ ಬೇರೆ ವಯಸ್ಸಿನ ಇಪ್ಪತ್ತು ಮಂದಿಗೆ ಹೆಸರನ್ನು ಬರಹದಲ್ಲಿ ತೋರಿಸದೆ, ಅಂಗಡಿಯಲ್ಲಿ ಕೇಳುವಂತೆ 'ಅರ್ಧ ಕೆ.ಜಿ. ನೆಲವು ತುಪ್ಪ' ಎಂದು ಒಮ್ಮೆ ಹೇಳಬೇಕು. ಮರುದಿನ ಆ ಹೆಸರೇನೆಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಬೇಕು. 'ನೆಲುವು', 'ನಿಲುವು' ಎಂಬ ಉತ್ತರಗಳು ಬಂದರೆ ಅದು ಬರಹದಿಂದ, ಚಿತ್ರದಿಂದ ಸರಿಪಡಿಸಬಹುದಾದ ತೊಡಕು. ಒಬ್ಬಿಬ್ಬರಾದರೂ ಪ್ರಸಿದ್ಧ ಸಂಸ್ಥೆಯೊಂದರ ಹೆಸರನ್ನು ಹೇಳಿದರೆ, ಗ್ರಾಹಕರ ಅಸ್ಪಷ್ಟ ನೆನಪಿನಲ್ಲಿ ಈ ಪದ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಅಂಥ ಹೆಸರನ್ನು ಉತ್ಪಾದಕರಿಗೆ ಸೂಚಿಸಬಾರದು.

ತುಪ್ಪ ಶುದ್ಧವೆಂಬುದನ್ನು ಸ್ಥಾಪಿಸುವ ಹೊಣೆ ಹೆಸರಿನದಲ್ಲ. ಅದಕ್ಕೆ ಅಗ್‌ಮಾರ್ಕ್ ದರ್ಜೆಯ ಗುರುತಿದೆ, ಪ್ರಯೋಗಾಲಯದ ವರದಿಯಿದೆ. ಮೊಸರು ಕಡೆದು ಮಾಡಿದ್ದು ಎಂಬ ನಿಜವಾದ ಒಂದು ಸಾಲನ್ನು ಚೀಟಿಯ ಬೇರೆಡೆ ಮುದ್ರಿಸಲು ಅವಕಾಶವಿದೆ. ಆ ಭಾರವನ್ನೆಲ್ಲ ಹೆಸರಿನ ಮೇಲಿಂದ ಇಳಿಸಿದಾಗ, ಮುಂದಿನ ಸಲವೂ ಅದೇ ಡಬ್ಬಿಯನ್ನು ಗುರುತಿಸಿ ಕೇಳುವಂತೆ ಮಾಡುವ ಒಂದೇ ಕೆಲಸ ಅದಕ್ಕೆ ಉಳಿಯುತ್ತದೆ.